ಕೆಂಪು ಗುಳಿಗೆಯ ಹೆಸರೇನು?
ದವಾಖಾನೆ ಮುಚ್ಚುವ ಮುಂಚೆ ಮಾಗಡಿ ಮತ್ತು ಸುತ್ತಲಿನ ಊರುಗಳ ನನ್ನ ರೋಗಿಗಳಿಗೆ ಒಂದು ಬರಹ

ಹೋದ ವಾರ ಒಬ್ಬ ಅಜ್ಜಿ ಬಂದು ಬಾಕಿನ ಮೇಲೆ ಕುಳಿತು, ಸೆರಗಿನ ಗಂಟು ಬಿಚ್ಚಿ ಖಾಲಿ ಕಾಗದದ ಪೊಟ್ಟಣ ಮೇಜಿನ ಮೇಲಿಟ್ಟಳು. "ಡಾಕ್ಟ್ರ, ಕೆಂಪು ಗುಳಿಗಿ ತೀರ್ಯಾವ್ರಿ. ಬಿಳೀವು ಇನ್ನೂ ನಾಕ ದಿನಕ್ಕ ಅದಾವ" ಅಂದಳು. ನಾನು ಡಬ್ಬಿ ತೆಗೆದು ಮೂವತ್ತು ಎಣಿಸಿ ಕಟ್ಟಿಕೊಟ್ಟೆ. ಅವಳು ಹೊರಟುಹೋದ ಮೇಲೆ ಆ ಡಬ್ಬಿಯನ್ನೇ ನೋಡುತ್ತ ಕುಳಿತೆ. ಬರುವ ತಿಂಗಳು ಈ ಡಬ್ಬಿ ಇಲ್ಲಿ ಇರುವುದಿಲ್ಲ. ಅಜ್ಜಿ ಶಿರಹಟ್ಟಿಗೋ ಲಕ್ಷ್ಮೇಶ್ವರಕ್ಕೋ ಹೋಗಿ "ಕೆಂಪು ಗುಳಿಗಿ ಕೊಡ್ರಿ" ಅಂದರೆ ಅಲ್ಲಿಯ ವೈದ್ಯರು ಏನು ಕೊಡಬೇಕು? ಕೆಂಪು ಬಣ್ಣದಲ್ಲಿ ಕಬ್ಬಿಣಾಂಶದ ಗುಳಿಗೆಯೂ ಇದೆ, ನೋವಿನ ಗುಳಿಗೆಯೂ ಇದೆ, ರಕ್ತದೊತ್ತಡದ್ದೂ ಇದೆ.

ಈ ತಪ್ಪು ನನ್ನದು. ಮೂವತ್ತು ವರ್ಷಗಳ ಮೇಲಾಯಿತು, ಬಿಡಿ ಗುಳಿಗೆಯನ್ನು ಡಬ್ಬಿಯಿಂದ ಎಣಿಸಿ ಪೊಟ್ಟಣ ಕಟ್ಟಿ ಕೊಡುವುದೇ ನಮ್ಮ ಕಡೆಯ ದವಾಖಾನೆಗಳ ಪದ್ಧತಿ. ಅದು ನಿಮಗೆ ಅಗ್ಗ, ನನಗೆ ಸಲೀಸು. ನಿಮ್ಮ ಔಷಧದ ಹೆಸರು, ಅಳತೆ, ಅದನ್ನು ಯಾಕೆ ಕೊಟ್ಟಿದ್ದೇನೆ ಎಂಬುದೆಲ್ಲ ನನ್ನ ತಲೆಯಲ್ಲಿತ್ತು. ಅಷ್ಟೋ ಇಷ್ಟೋ ನನ್ನ ವಹಿಯಲ್ಲಿತ್ತು. ನಿಮ್ಮ ಕೈಯಲ್ಲಿ ಮಾತ್ರ ಏನೂ ಇರಲಿಲ್ಲ. ಈಗ ನಾನು ಬಾಗಿಲು ಹಾಕುವ ಹೊತ್ತಿಗೆ ಅದು ನಿಮ್ಮ ಕೈಗೆ ಬರಬೇಕು. ಈ ಬರಹ ಅದಕ್ಕಾಗಿ. ಬೇರೆ ಊರಿನಲ್ಲೂ ಹಳೆಯ ವೈದ್ಯರು ದವಾಖಾನೆ ಮುಚ್ಚುತ್ತಿದ್ದರೆ, ಅವರ ರೋಗಿಗಳೂ ಇದನ್ನೇ ಮಾಡಬಹುದು.

"ನೀವು ಹೋದಮ್ಯಾಲೆ ನಾವು ಯಾರ ಕಡೆ ಹೋಗೂಣ್ರಿ?" ಎಂದು ಎಲ್ಲರೂ ಕೇಳುತ್ತೀರಿ. ಅದಕ್ಕೆ ಉತ್ತರ ಕೊಡುತ್ತೇನೆ, ಅದು ಕಷ್ಟದ ಪ್ರಶ್ನೆಯಲ್ಲ. ನೀವು ಯಾರೂ ಕೇಳದೆ ಬಿಟ್ಟದ್ದು ಇನ್ನೊಂದಿದೆ: ಹೋಗುವಾಗ ಏನು ಒಯ್ಯಬೇಕು? ಅದನ್ನು ಮೊದಲು ಹೇಳುತ್ತೇನೆ.

ಒಂದು ಚೀಲದ ಕಥೆ

ಎರಡು ವರ್ಷದ ಹಿಂದೆ ಅರವತ್ತು ದಾಟಿದ ಒಬ್ಬ ಹೆಣ್ಣುಮಗಳು ಸೊಸೆಯ ತೋಳು ಹಿಡಿದುಕೊಂಡು ಬಂದರು. ಪಾದ ಬಾತಿದ್ದವು. ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಮೈಯೆಲ್ಲ ಬೆವರಿ, ಕೈ ನಡುಗಿ, ತಡೆಯಲಾರದಷ್ಟು ಹಸಿವೆ. ಮನೆಯವರು ಗಾಳಿ ಸೋಕಿದೆ ಎಂದು ಲಿಂಬೆಹಣ್ಣು ಇಳಿಸಿ ನೋಡಿಯಾಗಿತ್ತು. ಅವರು ಬಂದದ್ದೂ ನಾಲ್ಕರ ಸುಮಾರಿಗೇ. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 58. 70ಕ್ಕಿಂತ ಕೆಳಗಿಳಿದರೆ ಅದು ಕಡಿಮೆ ಸಕ್ಕರೆ. ನೀರಿನಲ್ಲಿ ಮೂರು ಚಮಚ ಸಕ್ಕರೆ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಾಗ 96. ಆಗ ಅವರು ನೆಟ್ಟಗೆ ಮಾತಾಡತೊಡಗಿದರು.

ಗುಳಿಗೆ ಹೆಚ್ಚಾಗಿರಬೇಕು ಎಂದು ಅನುಮಾನ ಬಂತು. ಆದರೆ ನಾನು ಕೊಟ್ಟ ಅಳತೆಗೆ ಹೀಗಾಗಬಾರದು. ಸೊಸೆಯನ್ನು ಮನೆಗೆ ಕಳಿಸಿ, ಅತ್ತೆ ಬಾಯಿಗೆ ಹಾಕಿಕೊಳ್ಳುವುದೆಲ್ಲವನ್ನೂ, ಮಾಡದ ಮೂಲೆಯಲ್ಲಿರುವುದನ್ನೂ ಬಿಡದೆ, ಒಂದು ಚೀಲದಲ್ಲಿ ತುಂಬಿಕೊಂಡು ಬಾ ಎಂದೆ. ಚೀಲವನ್ನು ಮೇಜಿನ ಮೇಲೆ ಸುರಿದೆವು.

ನನ್ನ ಪೊಟ್ಟಣಗಳು ನಾಲ್ಕು: ಸಕ್ಕರೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್, ರಕ್ತದೊತ್ತಡಕ್ಕೆ ಆಮ್ಲೋಡಿಪಿನ್ ಮತ್ತು ಟೆಲ್ಮಿಸಾರ್ಟನ್. ಜೊತೆಗೆ ಎರಡು ಹೊಸ ಹಾಳೆ ಗುಳಿಗೆ. ಮಗಳ ಊರಿಗೆ ಹೋದಾಗ ಅಲ್ಲಿಯ ಒಬ್ಬ ವೈದ್ಯರಿಗೆ ತೋರಿಸಿದ್ದರಂತೆ. ಅವರು ಬರೆದದ್ದು ಎರಡೇ ಗುಳಿಗೆ, ಹೆಸರು ಬೇರೆ ಬೇರೆ. ಹಾಳೆಯ ಹಿಂದಿನ ಸಣ್ಣ ಅಕ್ಷರ ಓದಿದರೆ, ಮೊದಲನೆಯದು ಟೆಲ್ಮಿಸಾರ್ಟನ್ ಮತ್ತು ಆಮ್ಲೋಡಿಪಿನ್ ಸೇರಿಸಿದ ಒಂದೇ ಗುಳಿಗೆ. ಎರಡನೆಯದು ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸೇರಿಸಿದ್ದು. ಅಂದರೆ ಮೂರು ತಿಂಗಳಿಂದ ಅವರು ಪ್ರತಿಯೊಂದು ಔಷಧವನ್ನೂ ಎರಡೆರಡು ಕಡೆಯಿಂದ ನುಂಗುತ್ತಿದ್ದರು. ಆಮ್ಲೋಡಿಪಿನ್ ಜಾಸ್ತಿಯಾಗಿ ಪಾದ ಬಾತಿದ್ದವು. ಒತ್ತಡದ ಔಷಧ ಇಮ್ಮಡಿಯಾಗಿ ನಿಂತಾಗ ಕತ್ತಲೆ ಬರುತ್ತಿತ್ತು. ಕುಳಿತಾಗ 118/70 ಇದ್ದ ಒತ್ತಡ ಎದ್ದು ನಿಂತರೆ 96/60ಕ್ಕೆ ಇಳಿಯುತ್ತಿತ್ತು. ನಾಲ್ಕು ಗಂಟೆಯ ಬೆವರು ಗ್ಲಿಮೆಪಿರೈಡ್ ಮಾಡಿದ್ದು.

ಚೀಲದ ತಳದಲ್ಲಿ ಮೂರನೆಯದೊಂದಿತ್ತು, ಕಿರಾಣಿ ಅಂಗಡಿಯಿಂದ ತಂದ ಮೊಣಕಾಲು ನೋವಿನ ಗುಳಿಗೆ, ಡೈಕ್ಲೋಫೆನಾಕ್. ಶೇಂಗಾ ಬಿಡಿಸುವ ದಿನಗಳಲ್ಲಿ ದಿನಕ್ಕೆ ಎರಡು. "ಅದು ಬ್ಯಾನಿ ಗುಳಿಗಿ ಅಲ್ರಿ, ನೋವಿಂದು. ಅದನ್ಯಾಕ ಹೇಳ್ಬೇಕು ಅಂತ ಹೇಳ್ಲಿಲ್ರಿ" ಅಂದರು. ಆ ಗುಳಿಗೆ ಒತ್ತಡ ಏರಿಸುತ್ತದೆ. ಸಕ್ಕರೆ ಇರುವವರಲ್ಲಿ, ಅದರಲ್ಲೂ ಟೆಲ್ಮಿಸಾರ್ಟನ್ ಜೊತೆ ಸೇರಿದರೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ 1.6 ಬಂತು. ವರ್ಷದ ಹಿಂದೆ 1.1 ಇತ್ತು. ಮೂತ್ರಪಿಂಡ ಸೋತಷ್ಟೂ ಗ್ಲಿಮೆಪಿರೈಡ್‌ನ ಪ್ರಭಾವ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಸಕ್ಕರೆ ಮತ್ತಷ್ಟು ಇಳಿಯುತ್ತದೆ. ಹೀಗೆ ಒಂದು ಇನ್ನೊಂದನ್ನು ಎಳೆದಿತ್ತು.

ಹೊಸ ಔಷಧ ಏನೂ ಕೊಡಲಿಲ್ಲ. ಎರಡೂ ಹಾಳೆ ಗುಳಿಗೆ ಬಿಡಿಸಿದೆ, ಡೈಕ್ಲೋಫೆನಾಕ್ ಬಿಡಿಸಿ ನೋವು ತಾಳದ ದಿನ ಮಾತ್ರ ಪ್ಯಾರಾಸಿಟಮಾಲ್ ಎಂದೆ, ಗ್ಲಿಮೆಪಿರೈಡ್ ಪೂರ್ತಿ ನಿಲ್ಲಿಸಿದೆ. ಮೂರು ವಾರಕ್ಕೆ ಪಾದದ ಬಾವು ಇಳಿದಿತ್ತು, ಕ್ರಿಯಾಟಿನಿನ್ 1.2ಕ್ಕೆ ಬಂದಿತ್ತು. ಮೂರು ತಿಂಗಳ ಮೇಲೆ ಮಾಡಿಸಿದ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ, 7.4 ಇತ್ತು. ಆ ವಯಸ್ಸಿಗೆ ಅಷ್ಟು ಸಾಕು. ಗ್ಲಿಮೆಪಿರೈಡ್ ಮತ್ತೆ ಶುರು ಮಾಡಲೇ ಇಲ್ಲ.

ಮಗಳ ಊರಿನ ವೈದ್ಯರ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. "ಮೊದಲಿಂದ ಏನು ತಗೋತೀರಿ?" ಎಂದು ಅವರು ಕೇಳಿಯೇ ಇದ್ದರು. ಇವರು ಹೇಳಿದ್ದು, "ನಮ್ಮೂರ ಡಾಕ್ಟ್ರು ಬಿಳೀ ಗುಳಿಗಿ ಕೊಡ್ತಾರ್ರಿ." ನಾಲ್ಕೂ ಬಿಳಿಯೇ ಇದ್ದವು.

ನಾನು ದವಾಖಾನೆ ಮುಚ್ಚಿದ ಮೇಲೆ ಇದೇ ಕಥೆ ಮತ್ತೆ ಮತ್ತೆ ನಡೆಯಬಹುದೆಂಬುದೇ ನನ್ನ ಚಿಂತೆ. ಹೊಸ ವೈದ್ಯರು ಹೊಸದಾಗಿ ಬರೆಯುತ್ತಾರೆ. ಮನೆಯಲ್ಲಿ ನನ್ನ ಹಳೆಯ ಪೊಟ್ಟಣ ಉಳಿದಿರುತ್ತದೆ. ದುಡ್ಡು ಕೊಟ್ಟು ತಂದದ್ದು ಹಾಳಾಗಬಾರದೆಂದು ಎರಡನ್ನೂ ನುಂಗುತ್ತೀರಿ.

ಒಂದು ಹಾಳೆ

ಈಗ ನಾನು ಮಾಡುತ್ತಿರುವುದು ಇಷ್ಟು. ಸಕ್ಕರೆ, ರಕ್ತದೊತ್ತಡ, ಥೈರಾಯಿಡ್, ಮೂರ್ಛೆ, ಉಬ್ಬಸ, ಹೃದಯದ ತೊಂದರೆಗೆ ತಿಂಗಳು ತಿಂಗಳು ಬರುವ ಪ್ರತಿಯೊಬ್ಬರಿಗೂ ಒಂದು ಹಾಳೆ ಬರೆದು, ಸಹಿ ಮಾಡಿ ಕೊಡುತ್ತಿದ್ದೇನೆ. ಅದರಲ್ಲಿ ಏನಿರುತ್ತದೆ ಎಂಬುದನ್ನು ನೀವೂ ತಿಳಿದಿರಿ, ಬಿಟ್ಟುಹೋಗಿದ್ದರೆ ಕೇಳಿ ಬರೆಸಿಕೊಳ್ಳಿ.

ಮೇಲೆ ಹೆಸರು, ವಯಸ್ಸು, ತೂಕ. ಕೆಳಗೆ ರೋಗದ ಹೆಸರು, ಎಂದು ಗೊತ್ತಾಯಿತು ಎಂಬ ವರ್ಷ. ಈ ವರ್ಷ ಹಿಡಿಯುವುದು ನಮ್ಮೂರಲ್ಲಿ ಸುಲಭವಲ್ಲ. ಒಬ್ಬರು "ಹಕ್ಕಿ ಬಂದಾಗ ಸುರು ಮಾಡಿದ್ರಿ ನೋಡ್ರಿ" ಅಂದರು. ನಮ್ಮ ಕೆರೆಗೆ ಪಟ್ಟೆತಲೆ ಹೆಬ್ಬಾತು ಪ್ರತಿ ಚಳಿಗಾಲಕ್ಕೂ ಬರುತ್ತವೆ, ಯಾವ ಚಳಿಗಾಲ ಎಂದು ಕೇಳಿದರೆ ಮೊಮ್ಮಗ ಹುಟ್ಟಿದ ಚಳಿಗಾಲವಂತೆ. ಮೊಮ್ಮಗನ ಶಾಲೆಯ ಕಾಗದ ತರಿಸಿ ವರ್ಷ ಬರೆದೆ. ಸಕ್ಕರೆ ಎಷ್ಟು ವರ್ಷದ್ದು ಎಂಬುದರ ಮೇಲೆ ಕಣ್ಣು, ಪಾದ, ಮೂತ್ರಪಿಂಡವನ್ನು ಎಷ್ಟು ಎಚ್ಚರದಿಂದ ನೋಡಬೇಕೆಂಬುದು ನಿಂತಿದೆ. ಆದ್ದರಿಂದ ಈ ತಾಪತ್ರಯ ದಂಡವಲ್ಲ.

ಅದರ ಕೆಳಗೆ ಔಷಧ. ಕಂಪನಿಯ ಹೆಸರನ್ನು ಬರೆಯುವುದಿಲ್ಲ, ಔಷಧದ ಮೂಲ ಹೆಸರನ್ನೇ ಬರೆಯುತ್ತೇನೆ. ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಊಟಕ್ಕೆ ಮುಂಚೆಯೋ ನಂತರವೋ. ಕಂಪನಿಯ ಹೆಸರು ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಮೂಲ ಹೆಸರು ಬದಲಾಗುವುದಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ, ಜನೌಷಧಿ ಕೇಂದ್ರದಲ್ಲಿ ಸಿಗುವುದೂ ಮೂಲ ಹೆಸರಿನಲ್ಲೇ. ನಿಮ್ಮ ಮಗನಿಗೋ ಮೊಮ್ಮಗಳಿಗೋ ಹೇಳಿ, ಹೊಸ ಗುಳಿಗೆ ಮನೆಗೆ ಬಂದ ದಿನ ಹಾಳೆಯ ಮೇಲಿನ ಹೆಸರನ್ನೂ ಗುಳಿಗೆಯ ಬೆನ್ನ ಮೇಲಿನ ಸಣ್ಣ ಅಕ್ಷರವನ್ನೂ ಹೊಂದಿಸಿ ನೋಡಲಿ. ಒಂದೇ ಹೆಸರು ಎರಡು ಕಡೆ ಕಂಡರೆ ನುಂಗುವ ಮುಂಚೆ ಕೇಳಬೇಕು.

ಆಮೇಲೆ ಕೊನೆಯ ಪರೀಕ್ಷೆಗಳ ಅಂಕಿ, ತಾರೀಖಿನ ಜೊತೆ. ಆಪರೇಶನ್ ಆಗಿದ್ದರೆ ಯಾವುದು, ಯಾವಾಗ. ಮೈಗೆ ಒಗ್ಗದ ಔಷಧ ಯಾವುದು: ಪೆನ್ಸಿಲಿನ್‌ಗೆ ಮೈಯೆಲ್ಲ ದದ್ದು ಎದ್ದವರು, ಸಲ್ಫಾ ಗುಳಿಗೆಗೆ ತುಟಿ ಸುಟ್ಟುಕೊಂಡವರು ನಮ್ಮಲ್ಲಿ ಇದ್ದಾರೆ. ಅವರ ಹಾಳೆಯ ಮೇಲೆ ಇದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಕೊನೆಯಲ್ಲಿ ಒಂದು ಸಾಲು ಇದೆ. ಯಾವ ಔಷಧ ಕೊಟ್ಟು ನಿಲ್ಲಿಸಿದೆ, ಯಾಕೆ ನಿಲ್ಲಿಸಿದೆ ಎಂಬುದು. ವೈದ್ಯರು ಸಾಮಾನ್ಯವಾಗಿ ಇದನ್ನು ಬರೆಯುವುದಿಲ್ಲ, ನಾನೂ ಬರೆದವನಲ್ಲ. ಆದರೆ ಹೊಸ ವೈದ್ಯರಿಗೆ ಇದಕ್ಕಿಂತ ಉಪಯೋಗದ ಸಾಲು ಇನ್ನೊಂದಿಲ್ಲ. ಒಬ್ಬ ಮಾಸ್ತರರಿಗೆ ಎನಾಲಾಪ್ರಿಲ್ ಕೊಟ್ಟು ನಾಲ್ಕು ತಿಂಗಳು ಒಣಕೆಮ್ಮು. ಕಫ ಪರೀಕ್ಷೆ, ಎಕ್ಸ್‌ರೇ ಎಲ್ಲ ಮಾಡಿಸಿ ಕೊನೆಗೆ ಗುಳಿಗೆ ಬಿಡಿಸಿದ ಮೇಲೆ ಕೆಮ್ಮು ತಾನೇ ಹೋಯಿತು. ಆ ಒಂದು ಸಾಲು ಇಲ್ಲದಿದ್ದರೆ, ಇನ್ನೊಬ್ಬ ವೈದ್ಯರು ಅದೇ ಗುಳಿಗೆ ಬರೆದು, ಅದೇ ನಾಲ್ಕು ತಿಂಗಳು ಮತ್ತೆ ಕೆಮ್ಮಿಸುತ್ತಾರೆ.

ಹಾಳೆಯ ಎರಡು ಝೆರಾಕ್ಸ್ ಮಾಡಿಸಿ. ಮೂಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ರೇಶನ್ ಕಾರ್ಡಿನ ಜೊತೆ ಇಡಿ. ಒಂದು ಫೋಟೊ ತೆಗೆದು ಗೋವಾದಲ್ಲೋ ಬೆಂಗಳೂರಲ್ಲೋ ಇರುವ ಮಕ್ಕಳ ಮೊಬೈಲಿಗೆ ಕಳಿಸಿ. ರಾತ್ರಿ ಹನ್ನೆರಡಕ್ಕೆ 108 ಗಾಡಿಯಲ್ಲಿ ಹೋಗುವಾಗ ಕಪಾಟಿನ ಕೀಲಿಕೈ ಹುಡುಕಲು ಆಗುವುದಿಲ್ಲ.

ನನ್ನ ವಹಿಯನ್ನು ನೆಚ್ಚಿಕೊಳ್ಳಬೇಡಿ. ವೈದ್ಯರ ನಡತೆಗೆ ಸಂಬಂಧಿಸಿದ 2002ರ ನಿಯಮದ ಪ್ರಕಾರ ಆಸ್ಪತ್ರೆಯಲ್ಲಿ ಮಲಗಿದ ಒಳರೋಗಿಯ ದಾಖಲೆಯನ್ನು 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ನೀವು ಗದಗಿನಲ್ಲೋ ಹುಬ್ಬಳ್ಳಿಯಲ್ಲೋ ಅಡ್ಮಿಟ್ ಆಗಿದ್ದರೆ ಆ ಕಾಗದ ಕೇಳಿ ಪಡೆಯುವ ಹಕ್ಕು ನಿಮಗಿದೆ. ಬಂದು ತೋರಿಸಿ ಹೋಗುವ ಹೊರರೋಗಿಯ ವಿಷಯದಲ್ಲಿ ಅಂಥ ಕಟ್ಟು ಇಲ್ಲ. ಚೀಟಿ ನಿಮ್ಮ ಹತ್ತಿರ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಆಭಾ ಕಾರ್ಡ್ ಮಾಡಿಸಿದ್ದೇವಲ್ಲ, ಎಲ್ಲ ಅದರಲ್ಲೇ ಇರುತ್ತದಲ್ಲ ಎಂದು ಕೆಲವು ಹುಡುಗರು ಕೇಳಿದರು. ಆಭಾ ಎಂಬುದು 14 ಅಂಕಿಯ ಒಂದು ಆರೋಗ್ಯ ಸಂಖ್ಯೆ. ಆಸ್ಪತ್ರೆಯವರು ನಿಮ್ಮ ಚೀಟಿಯನ್ನು ಅದಕ್ಕೆ ಜೋಡಿಸಿದರೆ ಮಾತ್ರ ಅದು ಅಲ್ಲಿ ಕಾಣುತ್ತದೆ. ನನ್ನಂಥವನ ಡಬ್ಬಿ, ವಹಿ ಅದರೊಳಗೆ ತಾನಾಗಿ ಹೋಗಿ ಕೂರುವುದಿಲ್ಲ. ಸಂಖ್ಯೆ ಮಾಡಿಸಿಕೊಳ್ಳಿ, ಮುಂದೆ ಅನುಕೂಲವಾಗುತ್ತದೆ. ಹಾಳೆಯನ್ನು ಮಾತ್ರ ಬಿಡಬೇಡಿ.

ಒಂದು ದಿನವೂ ತಪ್ಪಬಾರದವರು

ಸಕ್ಕರೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಹೊಸ ವೈದ್ಯರ ಬಳಿ ಹೋಗಲು ನಾಲ್ಕು ದಿನ ತಡಮಾಡಿದರೆ ಸಕ್ಕರೆ ಒಂದಿಷ್ಟು ಏರೀತು, ಅನಾಹುತವಾಗದು. ಕೆಲವು ಔಷಧಗಳು ಹಾಗಲ್ಲ. ಅವನ್ನು ತೆಗೆದುಕೊಳ್ಳುವವರ ಹಾಳೆಯ ಮೂಲೆಯಲ್ಲಿ ಒಂದು ನಕ್ಷತ್ರ ಹಾಕಿದ್ದೇನೆ.

ಮೂರ್ಛೆ ಬೇನೆಯ ಗುಳಿಗೆ ಮೊದಲನೆಯದು. ಐದು ವರ್ಷ ಫಿಟ್ಸ್ ಬಂದಿಲ್ಲ, ಡಾಕ್ಟ್ರೂ ಹೋದರು, ಇನ್ನು ಸಾಕು ಎಂದು ಥಟ್ಟನೆ ಬಿಟ್ಟರೆ ಒಂದರ ಹಿಂದೊಂದು ಬಿಡದೆ ಫಿಟ್ಸ್ ಬರಬಹುದು, ಅದು ಜೀವಕ್ಕೇ ಅಪಾಯ. ಬಿಡುವುದಾದರೂ ತಿಂಗಳುಗಟ್ಟಲೆ ಹಂತ ಹಂತವಾಗಿ, ವೈದ್ಯರ ಕಣ್ಣೆದುರಿಗೇ ಬಿಡಬೇಕು. ಈ ಗುಳಿಗೆಯಲ್ಲಿ ಕಂಪನಿ ಬದಲಾಯಿಸುವುದೂ ಆದಷ್ಟು ಬೇಡ. ಬದಲಾಯಿಸಲೇಬೇಕಾದರೆ ಮೊದಲ ಎರಡು ವಾರ ಬಾವಿ ದಂಡೆ, ಕೆರೆ ದಂಡೆ, ಒಲೆಯ ಮುಂದೆ ಒಬ್ಬರೇ ಇರಬೇಡಿ, ಬೈಕ್ ಮುಟ್ಟಬೇಡಿ.

ಎರಡನೆಯದು ಅಟೆನೊಲಾಲ್‌ನಂಥ ಎದೆಬಡಿತ ಇಳಿಸುವ ಗುಳಿಗೆ. ಒಮ್ಮೆಲೇ ನಿಲ್ಲಿಸಿದರೆ ಬಡಿತವೂ ಒತ್ತಡವೂ ಮೇಲೇರುತ್ತವೆ. ಹೃದಯದ ತೊಂದರೆ ಇದ್ದವರಿಗೆ ಎದೆನೋವು ಬರಬಹುದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಅನ್ನು ಹಲ್ಲು ಕೀಳಿಸುವುದಿದೆ ಎಂದು ತಮ್ಮಷ್ಟಕ್ಕೆ ತಾವೇ ಬಿಡಬಾರದು. ಸ್ಟೆಂಟ್ ಹಾಕಿದ ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ನಾನು ಹೇಳಬೇಕಾದದ್ದಿಲ್ಲ, ಅವರಿಗೆ ಗೊತ್ತು.

ಇನ್ನೊಂದು ಗುಂಪಿದೆ, ಅವರಿಗೆ ತಾವು ಆ ಗುಂಪಿನವರು ಎಂಬುದೇ ಗೊತ್ತಿಲ್ಲ. ಕೀಲುನೋವಿಗೆ, ಉಬ್ಬಸಕ್ಕೆ ಎಲ್ಲಿಂದಲೋ ಹೆಸರಿಲ್ಲದ ಪುಡಿ, ಪೊಟ್ಟಣ ತಂದು ತಿಂಗಳುಗಟ್ಟಲೆ ತಿಂದವರು. "ಒಂದ ಗುಳಿಗಿಗೆ ಎದ್ದು ಓಡ್ಯಾಡಿದ್ನಿ" ಅನ್ನುತ್ತಾರೆ. ಮುಖ ಚಂದ್ರನ ಹಾಗೆ ದುಂಡಗಾಗಿದ್ದರೆ, ಚರ್ಮ ತೆಳುವಾಗಿ ಮುಟ್ಟಿದರೆ ನೀಲಿಗಟ್ಟುತ್ತಿದ್ದರೆ, ಆ ಪುಡಿಯಲ್ಲಿ ಪ್ರೆಡ್ನಿಸೊಲೋನ್‌ನಂಥ ಸ್ಟಿರಾಯಿಡ್ ಇತ್ತೆಂದೇ ಸಂಶಯ ಪಡಬೇಕು. ಮೂರು ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ಅದು ಒಳಗೆ ಹೋದರೆ ದೇಹ ತಾನು ತಯಾರಿಸುವ ಸ್ಟಿರಾಯಿಡನ್ನು ನಿಲ್ಲಿಸಿಬಿಡುತ್ತದೆ. ಆಗ ಪುಡಿಯನ್ನು ಥಟ್ಟನೆ ಬಿಟ್ಟರೆ ಸುಸ್ತು, ವಾಂತಿ, ಒತ್ತಡ ಬೀಳುವುದು, ತಲೆ ತಿರುಗಿ ಬೀಳುವುದು. ಬೈಸಿಕೊಳ್ಳಬೇಕಾದೀತು ಎಂದು ಅಂಜಿ ಹೊಸ ವೈದ್ಯರಿಂದ ಇದನ್ನು ಮುಚ್ಚಿಡಬೇಡಿ. ಪುಡಿಯ ಪೊಟ್ಟಣವನ್ನೂ ಒಯ್ದು ತೋರಿಸಿ.

ನಕ್ಷತ್ರ ಇರುವವರು ದವಾಖಾನೆ ಮುಚ್ಚುವ ಮುಂಚೆಯೇ ಹೊಸ ವೈದ್ಯರನ್ನು ಒಮ್ಮೆ ನೋಡಿ ಬರಬೇಕು. ಅವರಿಗೆ ಏನಾದರೂ ಕೇಳಬೇಕೆನಿಸಿದರೆ ನಾನು ಇನ್ನೂ ಇಲ್ಲೇ ಇರುತ್ತೇನೆ. ಉಳಿದವರಿಗೆ ಒಂದು ತಿಂಗಳ ಗುಳಿಗೆ ಕೊಡುತ್ತೇನೆ, ಅದರಲ್ಲಿ ಹತ್ತು ದಿನದ್ದು ಉಳಿದಿರುವಾಗಲೇ ಹೊಸ ಕಡೆ ತೋರಿಸಿ. ಪೂರ್ತಿ ತೀರಿದ ಮೇಲೆ ಹೋದರೆ, ಗುಳಿಗೆ ಇಲ್ಲದ ದಿನದ ಒತ್ತಡ ನೋಡಿ ಅವರು ಅಳತೆ ಏರಿಸಿಬಿಡುತ್ತಾರೆ.

ಎಲ್ಲಿಗೆ ಹೋಗುವುದು

ಸಕ್ಕರೆ, ಒತ್ತಡದ ಮಾಮೂಲಿ ರೋಗಿಗಳು ದೂರ ಹೋಗಬೇಕಿಲ್ಲ. ಮೂವತ್ತು ದಾಟಿದ ಎಲ್ಲರಿಗೂ ಈ ಎರಡರ ತಪಾಸಣೆ ಸರಕಾರದ ಕಾರ್ಯಕ್ರಮದಲ್ಲಿ ಇದೆ. ಊರಿನ ಉಪಕೇಂದ್ರಗಳು ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹೆಸರು ಹೊತ್ತಿವೆ. ಅಲ್ಲಿಯ ಸಮುದಾಯ ಆರೋಗ್ಯ ಅಧಿಕಾರಿ ಒತ್ತಡ ನೋಡಿ, ಬೆರಳು ಚುಚ್ಚಿ ಸಕ್ಕರೆ ನೋಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಬರೆದ ಗುಳಿಗೆಯನ್ನು ತಿಂಗಳು ತಿಂಗಳು ಕೊಡುತ್ತಾರೆ. ಬೇಕಾದರೆ ಇ-ಸಂಜೀವಿನಿಯಲ್ಲಿ ವೈದ್ಯರ ಜೊತೆ ಮಾತಾಡಿಸುತ್ತಾರೆ. ನಾನು ನಿಮಗೆ ಕೊಡುತ್ತಿದ್ದ ಮೆಟ್‌ಫಾರ್ಮಿನ್, ಆಮ್ಲೋಡಿಪಿನ್, ಟೆಲ್ಮಿಸಾರ್ಟನ್ ಅಲ್ಲಿಯ ಪಟ್ಟಿಯಲ್ಲೇ ಇರುವಂಥವು. ಔಷಧ ಪುಕ್ಕಟೆ ಎಂದರೆ ಹಗುರವಲ್ಲ, ಗುಳಿಗೆ ಅದೇ. ಆದರೆ ಒಂದೊಂದು ತಿಂಗಳು ದಾಸ್ತಾನು ಬಂದಿರುವುದಿಲ್ಲ ಎಂಬುದೂ ನಿಜ. ಆ ತಿಂಗಳು ಹಾಳೆ ತೋರಿಸಿ ಜನೌಷಧಿಯಲ್ಲಿ ಕೊಳ್ಳಿ. "ಇಲ್ಲ ಅಂದ್ರು, ಬಿಟ್ಟೆ" ಎನ್ನುವ ಮಾತು ಬೇಡ.

ವರ್ಷಕ್ಕೊಮ್ಮೆ ಮಾತ್ರ ಊರು ಬಿಟ್ಟು ಹೋಗಲೇಬೇಕು. ಸಕ್ಕರೆ ಇರುವವರು ಕಣ್ಣಿನ ಒಳಪರದೆ ತೋರಿಸಬೇಕು, ಕ್ರಿಯಾಟಿನಿನ್ ಮತ್ತು ಮೂತ್ರದ ಪರೀಕ್ಷೆ ಮಾಡಿಸಬೇಕು, ಬರಿಗಾಲನ್ನು ವೈದ್ಯರ ಎದುರು ಚಾಚಬೇಕು. ಇದಕ್ಕೆ ತಾಲೂಕು ಆಸ್ಪತ್ರೆ, ಅಲ್ಲಿ ಆಗದಿದ್ದರೆ ಗದಗ ಮಲ್ಲಸಮುದ್ರದ ಜಿಮ್ಸ್. ಪಾದದಲ್ಲಿ ನೋವಿಲ್ಲದ ಹುಣ್ಣಾಗಿದ್ದರೆ ಕಾಯಬೇಡಿ. ನೋವಿಲ್ಲ ಎಂಬುದೇ ಅಲ್ಲಿ ಕೆಟ್ಟ ಸೂಚನೆ, ನರ ಸತ್ತಿದೆ ಎಂದರ್ಥ.

ದೊಡ್ಡ ಚಿಕಿತ್ಸೆಯ ಮಾತು ಬಂದರೆ, ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಇಲ್ಲಿ ಜನ ಎಡವುವ ಜಾಗ ಒಂದೇ. ನೇರವಾಗಿ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಗೆ ಹೋಗಿ ಅಡ್ಮಿಟ್ ಆಗಿ, ಆಮೇಲೆ ಕಾರ್ಡ್ ತೆಗೆಯುತ್ತಾರೆ. ಜೀವಕ್ಕೆ ಅಪಾಯದ ತುರ್ತು ಇಲ್ಲದಿದ್ದರೆ ಮೊದಲು ಸರಕಾರಿ ಆಸ್ಪತ್ರೆಗೆ ತೋರಿಸಿ, ಇಲ್ಲಿ ಆಗದು ಎಂದು ಅವರು ಚೀಟಿ ಕೊಟ್ಟ ಮೇಲೆ ಹೋಗಬೇಕು. ರೇಶನ್ ಕಾರ್ಡಿನ ಹೆಸರೂ ಆಧಾರದ ಹೆಸರೂ ಒಂದೇ ಇರಬೇಕು. ಒಂದರಲ್ಲಿ ಯಲ್ಲವ್ವ, ಇನ್ನೊಂದರಲ್ಲಿ ರೇಣುಕಾ ಇದ್ದರೆ ಬೇನೆ ಬರುವ ಮುಂಚೆಯೇ ಸರಿಪಡಿಸಿಕೊಳ್ಳಿ.

ಹೊಸ ವೈದ್ಯರ ಮುಂದೆ

ಮೊದಲ ದಿನ ಹಾಳೆಯನ್ನೂ ಗುಳಿಗೆಯ ಚೀಲವನ್ನೂ ಒಟ್ಟಿಗೆ ಮೇಜಿನ ಮೇಲಿಡಿ. "ಇಷ್ಟು ತಗೋತೀನ್ರಿ, ಇದರೊಳಗ ಯಾವುದು ಬಿಡ್ಲಿ, ಯಾವುದು ಇಡ್ಲಿ?" ಎಂದು ಕೇಳಿ. ಅವರು ಹೊಸದು ಬರೆದರೆ ಇನ್ನೊಂದು ಪ್ರಶ್ನೆ ಬಾಕಿ ಇದೆ: "ಇದು ಹಳೇದರ ಬದಲೀಗೋ, ಅದರ ಜೋಡೀಗೋ?" ಆ ಚೀಲದ ಹೆಣ್ಣುಮಗಳು ಅಂದು ಈ ಒಂದು ಮಾತು ಕೇಳಿದ್ದರೆ ಮೂರು ತಿಂಗಳ ಸಂಕಟ ತಪ್ಪುತ್ತಿತ್ತು. ಬದಲಿಗೆ ಎಂದರೆ ಹಳೆಯ ಪೊಟ್ಟಣವನ್ನು ಅಲ್ಲೇ ಅವರ ಕೈಗೆ ಕೊಟ್ಟು ಬನ್ನಿ, ಮನೆಗೆ ವಾಪಸ್ ತರಬೇಡಿ.

ಗುಳಿಗೆ ಬದಲಾಯಿತು ಎಂದು ಗಾಬರಿಯಾಗಬೇಡಿ. ಬಣ್ಣ ಬೇರೆ, ಆಕಾರ ಬೇರೆ, ಹೆಸರು ಅದೇ ಇದ್ದರೆ ಔಷಧ ಅದೇ. ಅಳತೆ ಅಥವಾ ಔಷಧವೇ ಬದಲಾದರೆ ಎರಡು ಮೂರು ವಾರಕ್ಕೆ ಒಮ್ಮೆ ತೋರಿಸಿ. ಥೈರಾಯಿಡ್ ಗುಳಿಗೆಯ ಅಳತೆ ಬದಲಾದರೆ ಆರು ವಾರ ಬಿಟ್ಟು ಪರೀಕ್ಷೆ, ಅದಕ್ಕಿಂತ ಮುಂಚೆ ಮಾಡಿಸಿದರೆ ಅಂಕಿ ನೆಚ್ಚಿಕೆಗೆ ಬರುವುದಿಲ್ಲ.

ಒಂದು ಮಾತು ನನ್ನ ಬಗ್ಗೆಯೇ ಹೇಳಬೇಕು. ಮೈಕೈ ನೋವು, ನೆಗಡಿ, ಸುಸ್ತು ಎಂದು ಬಂದವರಿಗೆಲ್ಲ ನಾನು ಸೂಜಿ ಮಾಡಿದ್ದೇನೆ. ಕೇಳಿದವರಿಗೆ ಸಲೈನ್ ಹಚ್ಚಿದ್ದೇನೆ. ಬಹಳ ಸಲ ಅದರ ಅಗತ್ಯ ಇರಲಿಲ್ಲ. ಸೂಜಿ ಮಾಡದಿದ್ದರೆ ನೀವು ಬೇರೆ ಕಡೆ ಹೋಗುತ್ತೀರಿ ಎಂಬ ಅಂಜಿಕೆ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಒಂದು ಬಾಟ್ಲಿ ಸಲೈನ್‌ನಲ್ಲಿ ಇರುವುದು ಉಪ್ಪುನೀರು. ಬಾಯಲ್ಲಿ ಕುಡಿಯಬಲ್ಲವರಿಗೆ ಮನೆಯ ಅಂಬಲಿ, ಮಜ್ಜಿಗೆ ಅಷ್ಟೇ ಕೆಲಸ ಮಾಡುತ್ತವೆ. ಹೊಸ ವೈದ್ಯರು ಸೂಜಿ ಬೇಡ ಎಂದರೆ, "ಇವರಿಗೇನೂ ಬರಂಗಿಲ್ಲ, ನಮ್ಮ ಡಾಕ್ಟ್ರ ಚಲೋ ಇದ್ರು" ಎಂದು ಎದ್ದು ಬರಬೇಡಿ. ಆ ವಿಷಯದಲ್ಲಿ ಅವರು ನನಗಿಂತ ಚಲೋ. ನನ್ನ ಹಾಳೆಯಲ್ಲಿ ಅವರು ಏನಾದರೂ ಗೀಟು ಹಾಕಿ ಬದಲಾಯಿಸಿದರೂ ನನಗೆ ಬೇಸರವಿಲ್ಲ. ಹೊಸ ಕಣ್ಣಿಗೆ ಹಳೆಯ ತಪ್ಪು ಬೇಗ ಕಾಣುತ್ತದೆ.

ದವಾಖಾನೆ ಈ ತಿಂಗಳ ಕೊನೆಯ ಶನಿವಾರದವರೆಗೆ ತೆರೆದಿರುತ್ತದೆ. ಹಾಳೆ ಬರೆಯುವ ಕೆಲಸ ಮುಂಜಾನೆ ಹತ್ತರಿಂದ ಒಂದರವರೆಗೆ, ಅದಕ್ಕೆ ಫೀ ಇಲ್ಲ. ನಡೆಯಲಾಗದವರು ಮನೆಯ ಯಾರನ್ನಾದರೂ ಕಳಿಸಬಹುದು. ಬರುವಾಗ ಮನೆಯಲ್ಲಿರುವ ಗುಳಿಗೆ ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ, ನೋವಿನ ಗುಳಿಗೆಯನ್ನೂ ಮರೆಯಬೇಡಿ.